ಎರಡು ಊರುಗಳ ನಡುವಿನ ದೂರ ಮತ್ತು ಉತ್ತರವಿಲ್ಲದ ಸಮೀಕರಣಗಳು

ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳ ಬೀಜಗಣಿತದಲ್ಲಿ ಒಂದು ಸಮೀಕರಣವು ಮತ್ತೊಂದರ ಅಪವರ್ತ್ಯವಾಗಿದ್ದರೆ ಅಸಂಖ್ಯ ಪರಿಹಾರಗಳಿರುತ್ತವೆ ಎಂದು ನಾವು ಬೋಧಿಸುತ್ತೇವೆ. ಎರಡು ರೇಖೆಗಳು ಒಂದರ ಮೇಲೊಂದು ಕೂರುವ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಶಾಲಾ ಅಂಕಿಅಂಶಗಳಿಂದ ಕಾರಣಗಳನ್ನು ಹುಡುಕಲು ಹೊರಟವರಿಗೆ ಇದೇ ಚಿತ್ರವು ಅನಿರೀಕ್ಷಿತವಾಗಿ ಎದುರಾಗುತ್ತದೆ. ಆಗ ಅದನ್ನು ಗುರುತಿಸದಿದ್ದರೆ, ದತ್ತಾಂಶವು ಹೇಳದೇ ಇದ್ದ ಮಾತನ್ನು ಅದರ ಬಾಯಲ್ಲಿ ಹೇಳಿಸಿದಂತಾಗುತ್ತದೆ. ಅಂತಹ ಒಂದು ಸಂದರ್ಭವನ್ನು ಸೂಳಗಿರಿಯ ಹೆದ್ದಾರಿಯನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಹೊಸೂರಿನಿಂದ ಕೃಷ್ಣಗಿರಿಗೆ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರು. ಸೂಳಗಿರಿ ಹೆಚ್ಚುಕಡಿಮೆ ಅದರ ನಡುವೆ ಇದೆ. ಈ ದಾರಿಯ ಮೇಲಿರುವ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ಯಾವುದನ್ನು ಅವಲಂಬಿಸಿದೆ ಎಂದು ಒಬ್ಬ ಶಿಕ್ಷಕರು ಪರಿಶೀಲಿಸಬಯಸಿದರೆನ್ನೋಣ. ಹೊಸೂರಿಗೆ ಸಮೀಪವಾದಷ್ಟೂ ಕನ್ನಡದ ಬಳಕೆ ಹೆಚ್ಚು, ಆದ್ದರಿಂದ ದಾಖಲಾತಿ ಹೆಚ್ಚು ಎಂಬುದು ಒಂದು ಊಹೆ. ಜಿಲ್ಲಾ ಕೇಂದ್ರವಾದ ಕೃಷ್ಣಗಿರಿಗೆ ಸಮೀಪವಾದಷ್ಟೂ ತಮಿಳು ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳ ಸೆಳೆತ ಹೆಚ್ಚು, ಆದ್ದರಿಂದ ದಾಖಲಾತಿ ಕಡಿಮೆ ಎಂಬುದು ಇನ್ನೊಂದು ಊಹೆ. ಎರಡೂ ಕೇಳಲು ಸಮಂಜಸವಾಗಿಯೇ ಇವೆ. ಯಾವುದು ಎಷ್ಟರಮಟ್ಟಿಗೆ ನಿಜವೆಂಬುದರ ಮೇಲೆ ಮುಂದಿನ ಕ್ರಮವು ನಿಲ್ಲುತ್ತದೆ. ಮೊದಲನೆಯದು ನಿಜವಾದರೆ ಪೂರ್ವದ ಹಳ್ಳಿಗಳಲ್ಲಿ ಭಾಷೆಯ ಪರಿಸರವನ್ನು ಬಲಪಡಿಸಬೇಕು; ಎರಡನೆಯದು ನಿಜವಾದರೆ ಶಾಲೆಗಳ ಪೈಪೋಟಿಯನ್ನು ಎದುರಿಸಬೇಕು.

ಲೆಕ್ಕವನ್ನು ಕೈಯಲ್ಲೇ ಮಾಡಬಹುದಾದಂತೆ ನಾಲ್ಕೇ ಶಾಲೆಗಳನ್ನು ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿದವು. ಹೊಸೂರಿನಿಂದ ದೂರ h ಕ್ರಮವಾಗಿ 10, 20, 30, 40 ಕಿಲೋಮೀಟರು. ಕೃಷ್ಣಗಿರಿಯಿಂದ ದೂರ k ಕ್ರಮವಾಗಿ 40, 30, 20, 10. ಹೊಸದಾಗಿ ಸೇರಿದ ಮಕ್ಕಳು y ಕ್ರಮವಾಗಿ 14, 13, 9, 8. ನಮಗೆ ಬೇಕಾದುದು y = a + bh + ck ಎಂಬ ರೂಪದ ಅಂದಾಜು. ಒಂದಕ್ಕಿಂತ ಹೆಚ್ಚು ಕಾರಣಗಳನ್ನು ಒಟ್ಟಿಗೆ ಇಟ್ಟು ಹೀಗೆ ಅಂದಾಜಿಸುವುದಕ್ಕೆ ಬಹುಚರ ಹಿಂಚಲನೆ ಎಂದು ಹೆಸರು. ರಿಗ್ರೆಷನ್ ಎಂಬ ಹೆಸರೇ ಹೆಚ್ಚು ಪರಿಚಿತ. ಪ್ರತಿ ಶಾಲೆಗೆ ಒಂದು ಅಡ್ಡಸಾಲು, ಪ್ರತಿ ಸಹಗುಣಕಕ್ಕೆ ಒಂದು ಕಂಬಸಾಲು ಎಂದು ಬರೆದರೆ ದೊರೆಯುವುದೇ ವಿನ್ಯಾಸ ಮಾತೃಕೆ X.

```
1  10  40
1  20  30
1  30  20
1  40  10
```

ಮೊದಲ ಕಂಬಸಾಲಿನಲ್ಲಿ ಬರಿಯ 1ಗಳೇ ಇರುವುದು ಹೊಸಬರಿಗೆ ವಿಚಿತ್ರವೆನಿಸಬಹುದು. ಅದು ಸ್ಥಿರಪದ a ಯ ಕಂಬಸಾಲು. ಪ್ರತಿ ಶಾಲೆಯ ಅಂದಾಜಿನಲ್ಲಿಯೂ a ಒಮ್ಮೆ ಬರುವುದರಿಂದ ಅಲ್ಲಿ 1 ಇದೆ. ಮಾತೃಕೆಯಲ್ಲಿ ಮಕ್ಕಳ ಸಂಖ್ಯೆ ಎಲ್ಲಿಯೂ ಇಲ್ಲವೆಂಬುದನ್ನೂ ಗಮನಿಸಬೇಕು. ಶಾಲೆಗಳನ್ನು ಆಯ್ದುಕೊಂಡು, ಯಾವ ಯಾವ ಅಳತೆಗಳನ್ನು ಕಾರಣಗಳೆಂದು ಇಟ್ಟುಕೊಳ್ಳುವೆವೆಂದು ತೀರ್ಮಾನಿಸಿದ ಕ್ಷಣದಲ್ಲಿಯೇ ಅದು ಪೂರ್ಣಗೊಳ್ಳುತ್ತದೆ. ಮುಂದೆ ಬರುವ ತೊಂದರೆಯು ಹುಟ್ಟುವುದು ಇಲ್ಲಿಯೇ, ಒಂದು ಮಗುವನ್ನೂ ಎಣಿಸುವುದಕ್ಕೆ ಮುನ್ನ.

ಅಂದಾಜಿಗೂ ನಿಜವಾದ ಸಂಖ್ಯೆಗೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತವು ಕನಿಷ್ಠವಾಗುವಂತೆ a, b, c ಗಳನ್ನು ಆರಿಸುವುದು ಕನಿಷ್ಠ ವರ್ಗ ವಿಧಾನ. ಅದರಿಂದ ಸಹಗುಣಕಗಳಷ್ಟೇ ಸಂಖ್ಯೆಯ ಸಮೀಕರಣಗಳು ಬರುತ್ತವೆ. ಇವನ್ನು ಪ್ರಸಾಮಾನ್ಯ ಸಮೀಕರಣಗಳೆನ್ನುತ್ತಾರೆ. ಇವುಗಳ ಎಡಭಾಗದ ಸಂಖ್ಯೆಗಳನ್ನು ಪಡೆಯಲು X ನ ಕಂಬಸಾಲುಗಳನ್ನು ಒಂದರೊಡನೊಂದು ಗುಣಿಸಿ ಕೂಡಿದರೆ ಸಾಕು. ಉದಾಹರಣೆಗೆ h ಮತ್ತು k ಕಂಬಸಾಲುಗಳಿಂದ 10×40 + 20×30 + 30×20 + 40×10 = 2000. ಬಲಭಾಗಕ್ಕೆ ಪ್ರತಿ ಕಂಬಸಾಲನ್ನೂ y ಯೊಡನೆ ಗುಣಿಸಿ ಕೂಡಬೇಕು. ನಮ್ಮ ಶಾಲೆಗಳಿಗೆ ಬರುವ ಸಮೀಕರಣಗಳು ಇವು:

```
  4a +  100b +  100c =   44
100a + 3000b + 2000c =  990
100a + 2000b + 3000c = 1210
```

ಮೂರು ಅವ್ಯಕ್ತಗಳು, ಮೂರು ಸಮೀಕರಣಗಳು. ಬಿಡಿಸಲು ತೊಡಕೇನೂ ಇಲ್ಲವೆನಿಸುತ್ತದೆ. ಆದರೆ ಎರಡನೆಯದನ್ನೂ ಮೂರನೆಯದನ್ನೂ ಕೂಡಿ ನೋಡಿ. 200a + 5000b + 5000c = 2200 ಎಂದು ಬರುತ್ತದೆ. ಇದು ಮೊದಲನೆಯ ಸಮೀಕರಣವನ್ನು 50ರಿಂದ ಗುಣಿಸಿದುದಲ್ಲದೆ ಬೇರೇನೂ ಅಲ್ಲ. ಎಂದರೆ ಕಾಗದದ ಮೇಲೆ ಮೂರು ಸಮೀಕರಣಗಳಿದ್ದರೂ ಅವು ಹೇಳುವ ಸಂಗತಿಗಳು ಎರಡೇ. ಎಡಭಾಗದ ಮಾತೃಕೆಯ ನಿರ್ಧಾರಕವನ್ನು ಲೆಕ್ಕ ಹಾಕಿದರೆ 2,00,00,000 − 1,00,00,000 − 1,00,00,000, ಅಂದರೆ ಸೊನ್ನೆ. ಹೀಗೆ ನಿರ್ಧಾರಕ ಸೊನ್ನೆಯಾದ, ಆದಕಾರಣ ವಿಲೋಮವಿಲ್ಲದ ಮಾತೃಕೆಯನ್ನು ಸಿಂಗ್ಯುಲರ್ ಮಾತೃಕೆ ಎನ್ನುತ್ತಾರೆ.

50 ಎಂಬ ಸಂಖ್ಯೆಯು ಅಲ್ಲಿಗೆ ಬಂದುದು ಹೇಗೆಂದು ಬೇರೆ ಹೇಳಬೇಕಿಲ್ಲ. ಹೆದ್ದಾರಿಯ ಮೇಲಿನ ಯಾವ ಊರಿಗೇ ಆಗಲಿ, ಹೊಸೂರಿನಿಂದ ದೂರ ಮತ್ತು ಕೃಷ್ಣಗಿರಿಯಿಂದ ದೂರಗಳ ಮೊತ್ತವು ಇಡೀ ದಾರಿಯ ಉದ್ದವೇ ಆಗಿರುತ್ತದೆ. ವಿನ್ಯಾಸ ಮಾತೃಕೆಯಲ್ಲಿ ಎರಡನೆಯ ಮತ್ತು ಮೂರನೆಯ ಕಂಬಸಾಲುಗಳನ್ನು ಕೂಡಿದರೆ ಮೊದಲನೆಯದರ ಐವತ್ತರಷ್ಟು ಬರುತ್ತದೆ. ಈ ಬಗೆಯ ಸಂಬಂಧಕ್ಕೆ ಸಹರೇಖೀಯತೆ ಎಂದು ಹೆಸರು. ನಮ್ಮ ಉದಾಹರಣೆಯಲ್ಲಿ ಊರುಗಳು ನಿಜವಾಗಿಯೂ ಒಂದೇ ರೇಖೆಯ ಮೇಲಿರುವುದು ಒಂದು ಸೊಗಸು. ಸಾಮಾನ್ಯವಾಗಿ ರೇಖೆಯು ಅಂಕಿಗಳಲ್ಲಿ ಅಡಗಿರುತ್ತದೆ, ನೆಲದ ಮೇಲೆ ಕಾಣುವುದಿಲ್ಲ.

ಕಂಬಸಾಲುಗಳ ನಡುವಿನ ಸಂಬಂಧವು ಸಮೀಕರಣಗಳಿಗೆ ಹರಿದುಬರಲೇಬೇಕೆ? ಬರಲೇಬೇಕು. ಕಾರಣವು ಸರಳ. ಯಾವುದೋ ಮೂರು ಸಂಖ್ಯೆಗಳಿಂದ ಕಂಬಸಾಲುಗಳನ್ನು ಗುಣಿಸಿ ಕೂಡಿದಾಗ ಪ್ರತಿ ಅಡ್ಡಸಾಲಿನಲ್ಲಿಯೂ ಸೊನ್ನೆ ಬಂದರೆ (ಇಲ್ಲಿ 50, −1, −1), ಆ ಸೊನ್ನೆಗಳನ್ನು ಮತ್ತೆ ಯಾವ ಕಂಬಸಾಲಿನೊಡನೆ ಗುಣಿಸಿ ಕೂಡಿದರೂ ಸೊನ್ನೆಯೇ ಬರುತ್ತದೆ. ಆದ್ದರಿಂದ ಅದೇ ಮೂರು ಸಂಖ್ಯೆಗಳು ಪ್ರಸಾಮಾನ್ಯ ಸಮೀಕರಣಗಳ ಎಡಭಾಗವನ್ನೂ ಸೊನ್ನೆ ಮಾಡುತ್ತವೆ. ಇದರ ವಿಲೋಮವೂ ನಿಜ, ಮತ್ತು ಅದೇ ಹೆಚ್ಚು ಸ್ವಾರಸ್ಯಕರ. ಮೂರು ಸಂಖ್ಯೆಗಳು ಸಮೀಕರಣಗಳ ಎಡಭಾಗವನ್ನು ಸೊನ್ನೆ ಮಾಡುತ್ತವೆನ್ನೋಣ. ಆ ಮೂರು ಎಡಭಾಗಗಳನ್ನು ಅದೇ ಸಂಖ್ಯೆಗಳಿಂದ ಗುಣಿಸಿ ಕೂಡಿದರೆ ಬರುವುದು ಅಡ್ಡಸಾಲುಗಳ ಮೊತ್ತಗಳ ವರ್ಗಗಳನ್ನು ಕೂಡಿದ ಬೆಲೆ, ಮತ್ತು ಅದು ಸೊನ್ನೆ. ವರ್ಗಗಳು ಋಣವಾಗಲಾರವು, ಅವುಗಳ ಮೊತ್ತವು ಸೊನ್ನೆಯಾಗಬೇಕಾದರೆ ಪ್ರತಿಯೊಂದೂ ಸೊನ್ನೆಯಾಗಿರಬೇಕು. ಹೀಗಾಗಿ ಸಂಬಂಧವು ಕಂಬಸಾಲುಗಳಲ್ಲಿಯೇ ಇರಬೇಕು. ನಿರ್ಧಾರಕ ಸೊನ್ನೆಯಾದಾಗ ದೋಷವನ್ನು ಲೆಕ್ಕದಲ್ಲಿ ಅಥವಾ ಗಣಕಯಂತ್ರದಲ್ಲಿ ಹುಡುಕುವ ಅಗತ್ಯವಿಲ್ಲ. ವಿನ್ಯಾಸ ಮಾತೃಕೆಯ ಕಂಬಸಾಲುಗಳನ್ನು ನೋಡಿದರೆ ಸಾಕು.

ಈಗ ಪರಿಹಾರಗಳತ್ತ ಬರೋಣ. ಪ್ರಸಾಮಾನ್ಯ ಸಮೀಕರಣಗಳು ಎಂದಿಗೂ ಪರಸ್ಪರ ವಿರುದ್ಧವಾಗುವುದಿಲ್ಲ. ಬಲಭಾಗವೂ ಅದೇ ಕಂಬಸಾಲುಗಳಿಂದ ಬಂದಿರುವುದರಿಂದ ಅಲ್ಲಿಯೂ 990 + 1210 ಎಂಬುದು 44ರ ಐವತ್ತರಷ್ಟೇ ಆಗಿದೆ. ಆದ್ದರಿಂದ ಪರಿಹಾರವಿಲ್ಲವೆಂಬ ಮಾತಿಲ್ಲ, ಪರಿಹಾರಗಳು ಅಸಂಖ್ಯ. t ಎಂಬ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು c = t, b = t − 0.22, a = 16.5 − 50t ಎಂದಿಟ್ಟರೆ ಮೂರು ಸಮೀಕರಣಗಳೂ ಸರಿಹೊಂದುತ್ತವೆ.

t = 0 ಎಂದಾಗ ಅಂದಾಜು y = 16.5 − 0.22h. ಹೊಸೂರಿನಿಂದ ದೂರವಾದಂತೆ ಮಕ್ಕಳು ಕಡಿಮೆಯಾಗುತ್ತಾರೆ, ಕೃಷ್ಣಗಿರಿಯ ಪ್ರಭಾವವೇ ಇಲ್ಲ ಎಂದು ಇದು ಹೇಳುತ್ತದೆ. t = 0.22 ಎಂದಾಗ y = 5.5 + 0.22k. ಹೊಸೂರಿನ ಪ್ರಭಾವವೇ ಇಲ್ಲ, ಎಲ್ಲವೂ ಕೃಷ್ಣಗಿರಿಯ ಸೆಳೆತ ಎಂದು ಇದರ ಅರ್ಥ. t = 1 ಎಂದರೆ y = −33.5 + 0.78h + k. ಹೊಸೂರಿನಿಂದ ದೂರ ಹೋದಷ್ಟೂ ಮಕ್ಕಳು ಹೆಚ್ಚುತ್ತಾರೆಂಬ ತಲೆಕೆಳಗಾದ ಮಾತು. ಈ ಮೂರೂ ನಾಲ್ಕು ಶಾಲೆಗಳಿಗೆ ಕೊಡುವ ಅಂದಾಜುಗಳು ಮಾತ್ರ ಒಂದೇ: 14.3, 12.1, 9.9, 7.7. ವರ್ಗಗಳ ಮೊತ್ತದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಮ್ಮ ಎರಡು ಊಹೆಗಳಲ್ಲಿ ಯಾವುದು ಸರಿಯೆಂದು ಕೇಳಿದರೆ ದತ್ತಾಂಶವು ಮೌನವಾಗಿರುತ್ತದೆ. ಇದೇ ರಸ್ತೆಯ ಮೇಲೆ ಇನ್ನೂ ನಲವತ್ತು ಶಾಲೆಗಳನ್ನು ಸೇರಿಸಿದರೂ ಅದು ಮಾತನಾಡುವುದಿಲ್ಲ, ಏಕೆಂದರೆ ಹೊಸ ಅಡ್ಡಸಾಲುಗಳೂ 50ರ ಕಟ್ಟಿಗೇ ಒಳಪಟ್ಟಿರುತ್ತವೆ.

ಹಾಗೆಂದು ಏನೂ ತಿಳಿಯಲಿಲ್ಲವೆಂದಲ್ಲ. t ಏನೇ ಆಗಲಿ b − c ಎಂಬುದು −0.22 ಆಗಿಯೇ ಉಳಿಯುತ್ತದೆ. ರಸ್ತೆಯ ಮೇಲೆ ಪೂರ್ವಕ್ಕೆ ಒಂದು ಕಿಲೋಮೀಟರು ಸರಿದರೆ ಹೊಸೂರು ಒಂದು ಕಿಲೋಮೀಟರು ದೂರವಾಗಿ ಕೃಷ್ಣಗಿರಿ ಒಂದು ಕಿಲೋಮೀಟರು ಹತ್ತಿರವಾಗುತ್ತದೆ. ಈ ಎರಡೂ ಬದಲಾವಣೆಗಳ ಕೂಡಿದ ಪರಿಣಾಮವೇ ಆ −0.22. ಅದನ್ನು ದತ್ತಾಂಶವು ಖಚಿತವಾಗಿ ತಿಳಿಸುತ್ತದೆ, ಇಬ್ಬರ ಪಾಲು ಹಂಚುವುದನ್ನು ಮಾತ್ರ ಒಪ್ಪುವುದಿಲ್ಲ. ಹಾಗೆಯೇ h = 25, k = 25 ಆದ, ರಸ್ತೆಯ ನಟ್ಟನಡುವಿನ ಶಾಲೆಗೆ ಎಲ್ಲ ಪರಿಹಾರಗಳೂ 11 ಎಂಬ ಒಂದೇ ಅಂದಾಜನ್ನು ಕೊಡುತ್ತವೆ. ಆದರೆ ರಸ್ತೆಯಿಂದ ಒಳಗಿರುವ, ಎರಡು ಊರುಗಳಿಗೂ 30 ಕಿಲೋಮೀಟರು ದೂರದ ಒಂದು ಹಳ್ಳಿಯನ್ನು ಕೇಳಿ ನೋಡಿ. ಮೊದಲ ಪರಿಹಾರ 9.9 ಎನ್ನುತ್ತದೆ, ಎರಡನೆಯದು 12.1, ಮೂರನೆಯದು 19.9. ಇಂತಹ ಹಳ್ಳಿಯ ಬಗ್ಗೆ ಈ ಅಂಕಿಗಳಿಂದ ಹೇಳುವ ಮಾತಿಗೆ ಬೆಲೆಯಿಲ್ಲ.

ಇದುವರೆಗಿನದು ಸಂಪೂರ್ಣ ಸಹರೇಖೀಯತೆ. ಅದರಲ್ಲಿ ಒಂದು ಅನುಕೂಲವಿದೆ: ಲೆಕ್ಕವು ನಿಂತುಹೋಗಿ ನಮ್ಮನ್ನು ಎಚ್ಚರಿಸುತ್ತದೆ. ಬಹುಮಟ್ಟಿಗೆ ಸಹರೇಖೀಯವಾದ ದತ್ತಾಂಶವು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅಲ್ಲಿ ಉತ್ತರವು ಬರುತ್ತದೆ.

ಮೊದಲ ಶಾಲೆಯಿಂದ ಕೃಷ್ಣಗಿರಿಗೆ ಇರುವ ದೂರವನ್ನು ದ್ವಿಚಕ್ರ ವಾಹನದ ಮಾಪಕದಲ್ಲಿ ನೋಡಿ 40ರ ಬದಲು 41 ಎಂದು ಬರೆದುಕೊಂಡರೆನ್ನೋಣ. ಉಳಿದೆಲ್ಲವೂ ಹಿಂದಿನಂತೆಯೇ. ಈಗ ನಿರ್ಧಾರಕವು 600, ಸೊನ್ನೆಯಲ್ಲ. ಸಮೀಕರಣಗಳನ್ನು ಬಿಡಿಸಿದರೆ ಒಂದೇ ಒಂದು ಪರಿಹಾರ ಬರುತ್ತದೆ: a = 67.5, b = −1.25, c = −1. ಕೃಷ್ಣಗಿರಿಯಿಂದ ದೂರವಾದ ಪ್ರತಿ ಕಿಲೋಮೀಟರಿಗೂ ಒಂದು ಮಗು ಕಡಿಮೆಯಾಗುತ್ತದೆ ಎಂದು ವರದಿ ಬರೆಯಬಹುದು. ಆದರೆ ಮಾಪಕವು 41ರ ಬದಲು 39 ತೋರಿಸಿದ್ದರೆ? ಆಗ a = −32.5, b = 0.75, c = +1. ಅದೇ ಶಾಲೆಗಳು, ಅದೇ ಮಕ್ಕಳು. ಒಂದು ದೂರದ ಅಳತೆಯು ಎರಡು ಕಿಲೋಮೀಟರು ಅತ್ತಿತ್ತಾದುದಕ್ಕೆ ವರದಿಯ ತೀರ್ಮಾನವು ತಿರುವುಮುರುವಾಯಿತು. ಎರಡೂ ಸಲ b − c ಮಾತ್ರ −0.25 ಆಗಿ ಅಲುಗಾಡದೆ ನಿಂತಿದೆ. ಶಿಕ್ಷಕರು ಈ ಎರಡು ಲೆಕ್ಕಗಳನ್ನು ಒಮ್ಮೆ ಕೈಯಾರೆ ಬಿಡಿಸಿ ನೋಡಬೇಕೆಂಬುದು ನನ್ನ ಒತ್ತಾಯದ ಕೋರಿಕೆ. ಎಷ್ಟು ವಿವರಿಸಿದರೂ ಅದು ಹುಟ್ಟಿಸುವ ಬೆರಗನ್ನು ಓದು ಹುಟ್ಟಿಸುವುದಿಲ್ಲ.

600 ಎಂಬ ನಿರ್ಧಾರಕವು ಸೊನ್ನೆಯಿಂದ ಬಹಳ ದೂರವಿರುವಂತೆ ಕಾಣುತ್ತದೆ, ಮತ್ತು ಆ ನೋಟವು ಮೋಸದ್ದು. ಎಡಭಾಗದ ಕರ್ಣದಲ್ಲಿರುವ ಸಂಖ್ಯೆಗಳನ್ನು ಗುಣಿಸಿದರೆ ಸುಮಾರು 3.7 ಕೋಟಿ ಬರುತ್ತದೆ. ಅದರೆದುರು 600 ಏನೇನೂ ಅಲ್ಲ. ದೂರವನ್ನು ಮೀಟರುಗಳಲ್ಲಿ ಬರೆದರೆ ನಿರ್ಧಾರಕವು ಇನ್ನೂ ಹಿಗ್ಗುತ್ತದೆ, ತೊಂದರೆಯು ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಿರ್ಧಾರಕದ ಗಾತ್ರವನ್ನು ನೋಡದೆ ಬೇರೊಂದು ಪ್ರಶ್ನೆಯನ್ನು ಕೇಳಬೇಕು: ಒಂದು ಕಂಬಸಾಲನ್ನು ಉಳಿದ ಕಂಬಸಾಲುಗಳಿಂದಲೇ ಅಂದಾಜಿಸಿದರೆ ಎಷ್ಟು ಭಾಗ ಉಳಿಯುತ್ತದೆ? ನಮ್ಮ 41ರ ದತ್ತಾಂಶದಲ್ಲಿ k ತನ್ನ ಸರಾಸರಿಯಿಂದ ಚದುರಿರುವುದರ ವರ್ಗಗಳ ಮೊತ್ತ 530.75. h ಅನ್ನು ಬಳಸಿ k ಯನ್ನು ಅಂದಾಜಿಸಿದ ಮೇಲೆ ಉಳಿಯುವುದು ಕೇವಲ 0.3. c ಯನ್ನು ನಿರ್ಧರಿಸಲು ಬಳಕೆಗೆ ಬರುವುದು ಈ 0.3 ಮಾತ್ರ. 530.75ನ್ನು 0.3ರಿಂದ ಭಾಗಿಸಿದರೆ ಸುಮಾರು 1770. H ಜೊತೆಗಿರುವುದರಿಂದ c ಯ ಅನಿಶ್ಚಿತತೆಯ ವರ್ಗಾಳತೆಯು ಅಷ್ಟು ಪಟ್ಟು ಉಬ್ಬಿದೆಯೆಂದು ಅರ್ಥ. ಈ ಉಬ್ಬರವು 10ನ್ನು ದಾಟಿದರೆ ಎಚ್ಚರವಹಿಸಬೇಕೆಂಬುದು ರೂಢಿಯಲ್ಲಿರುವ ಮಾತು. ಅದು ನಿಯಮವಲ್ಲ, ಒಂದು ಅಂದಾಜಿನ ಗಡಿ ಮಾತ್ರ. ಆದರೆ 1770ರ ಮುಂದೆ ಆ ಚರ್ಚೆಗೆ ಅವಕಾಶವಿಲ್ಲ.

ಪರಿಹಾರವೇನು? ಒಂದು ದೂರವನ್ನು ಕೈಬಿಟ್ಟರೆ ಸಮೀಕರಣಗಳು ಸಲೀಸಾಗಿ ಬಿಡಿಯುತ್ತವೆ, ಮತ್ತು ರಸ್ತೆಯ ಮೇಲಿನ ಶಾಲೆಗಳಿಗೆ ಅಂದಾಜು ಬೇಕೆಂದರೆ ಅಷ್ಟು ಸಾಕು. ಆದರೆ ಹಾಗೆ ಮಾಡಿದವರು ಉಳಿದ ಸಹಗುಣಕವನ್ನು ಹೊಸೂರಿನ ಪ್ರಭಾವವೆಂದು ಕರೆಯಬಾರದು. ಕೈಬಿಟ್ಟ ಕೃಷ್ಣಗಿರಿಯ ಪ್ರಭಾವವೂ ಅದರೊಳಗೇ ಸೇರಿರುತ್ತದೆ. ಎರಡನ್ನೂ ಬೇರ್ಪಡಿಸಲೇಬೇಕಾದರೆ ಸೂತ್ರಗಳನ್ನು ಬಿಟ್ಟು ಹೆದ್ದಾರಿಯಿಂದ ಇಳಿಯಬೇಕು. ಉತ್ತರದಲ್ಲಿ ಬಾಗಲೂರಿನ ಕಡೆ, ದಕ್ಷಿಣದಲ್ಲಿ ರಾಯಕೋಟೆಯ ಕಡೆ ಇರುವ ಊರುಗಳಲ್ಲಿ ಎರಡು ದೂರಗಳ ಮೊತ್ತವು 50ನ್ನು ಮೀರುತ್ತದೆ. ತ್ರಿಭುಜದ ಎರಡು ಬಾಹುಗಳ ಮೊತ್ತವು ಮೂರನೆಯದಕ್ಕಿಂತ ಹೆಚ್ಚೆಂಬ ಹಳೆಯ ಪಾಠವು ಇಲ್ಲಿ ಉಪಕಾರಕ್ಕೆ ಬರುತ್ತದೆ. ಹೆದ್ದಾರಿಯ ನಾಲ್ಕು ಶಾಲೆಗಳ ಜೊತೆಗೆ ಎರಡೂ ಕಡೆಗೆ 30 ಕಿಲೋಮೀಟರಿರುವ ಒಂದೇ ಒಂದು ಶಾಲೆಯನ್ನು ಸೇರಿಸಿದರೆ, ಮೇಲೆ 0.3 ಇದ್ದ ಉಳಿಕೆಯು 76.9ಕ್ಕೆ ಏರುತ್ತದೆ. ಇನ್ನು ಒಂದು ಕಿಲೋಮೀಟರಿನ ಅಳತೆಯ ದೋಷದಿಂದ ತೀರ್ಮಾನವು ಮಗುಚಿಬೀಳುವುದಿಲ್ಲ. ಆದರೂ ಒಂದು ಶಾಲೆ ಸಾಲದು. c ಯ ಬೆಲೆಯೆಲ್ಲ ಅದೊಂದರ ಮೇಲೆ ನಿಂತಿರುವುದರಿಂದ, ಆ ಶಾಲೆಯ ಯಾವುದೇ ವಿಶೇಷ, ಉದಾಹರಣೆಗೆ ಆ ವರ್ಷ ಅಲ್ಲಿ ಶಿಕ್ಷಕರಿಲ್ಲದಿರುವುದು, ಕೃಷ್ಣಗಿರಿಯ ಪ್ರಭಾವದ ವೇಷ ಧರಿಸಿ ಬರುತ್ತದೆ.

ದೂರಗಳಲ್ಲಿ ಮಾತ್ರವಲ್ಲದೆ ವರ್ಗೀಕರಣದಲ್ಲಿಯೂ ಇದೇ ತೊಡಕು ಬರುತ್ತದೆ. ನಮ್ಮ ಜಿಲ್ಲೆಯ ಶಾಲೆಗಳನ್ನು ತಮಿಳು, ತೆಲುಗು, ಕನ್ನಡ, ಉರ್ದು ಎಂದು ಮಾಧ್ಯಮಕ್ಕೊಂದು ಕಂಬಸಾಲು ಮಾಡಿ, ಆ ಮಾಧ್ಯಮದವರಿಗೆ 1, ಉಳಿದವರಿಗೆ 0 ಎಂದು ಬರೆಯುವುದು ವಾಡಿಕೆ. ಪ್ರತಿ ಮಗುವೂ ಒಂದೇ ಮಾಧ್ಯಮದಲ್ಲಿ ಓದುವುದರಿಂದ ನಾಲ್ಕು ಕಂಬಸಾಲುಗಳ ಮೊತ್ತವು ಎಲ್ಲೆಡೆ 1. ಅದು ಸ್ಥಿರಪದದ ಕಂಬಸಾಲೇ ಆಗುತ್ತದೆ. ಸಮೀಕರಣಗಳು ಮತ್ತೆ ಸಿಂಗ್ಯುಲರ್. ಇಲ್ಲಿ ಕನ್ನಡದ ಸಹಗುಣಕವೆಷ್ಟು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಕನ್ನಡಕ್ಕೂ ತಮಿಳಿಗೂ ಇರುವ ವ್ಯತ್ಯಾಸವೆಷ್ಟು ಎಂಬುದಕ್ಕೆ ಉಂಟು. ಒಂದು ಮಾಧ್ಯಮದ ಕಂಬಸಾಲನ್ನು ಬಿಟ್ಟು ಅದನ್ನು ಹೋಲಿಕೆಯ ಆಧಾರವಾಗಿಟ್ಟುಕೊಂಡರೆ ಉಳಿದ ಸಹಗುಣಕಗಳು ಈ ವ್ಯತ್ಯಾಸಗಳೇ ಆಗುತ್ತವೆ.

ಇಂತಹ ವರ್ಗೀಕೃತ ದತ್ತಾಂಶವನ್ನು ಕುರಿತು ಚಿಂತಿಸಿದವರಲ್ಲಿ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಪ್ರಮುಖರು. ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದಾಗ, ಹಿರೋಶಿಮಾ ಮತ್ತು ನಾಗಸಾಕಿಗಳಲ್ಲಿ ವಿಕಿರಣದ ದೀರ್ಘಕಾಲದ ಪರಿಣಾಮವನ್ನು ತಿಳಿಯಲು ಸಂಗ್ರಹಿಸಿದ ಅಂಕಿಗಳು 1954ರಲ್ಲಿ ಅವರ ಬಳಿಗೆ ಬಂದವು. ಅಲ್ಲಿ ಪ್ರಸಾಮಾನ್ಯ ಸಮೀಕರಣಗಳ ಮಾತೃಕೆಯು ಸಿಂಗ್ಯುಲರ್ ಆಗಿದ್ದಿತು. ವಿಲೋಮವಿಲ್ಲದಿದ್ದರೂ ವಿಲೋಮದ ಕೆಲಸವನ್ನು ಮಾಡಿಕೊಡುವ ಒಂದು ಮಾತೃಕೆಯನ್ನು ರೂಪಿಸಿ, ಅದನ್ನು 1955ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ರೋಜರ್ ಪೆನ್‌ರೋಸ್ ಅವರೂ ಇದೇ ಬಗೆಯ ವಿಲೋಮವನ್ನು ಬೇರೆ ದಾರಿಯಿಂದ ತಲುಪಿದ್ದರು. 1971ರಲ್ಲಿ ರಾವ್ ಅವರು ಸುಜಿತ್ ಕುಮಾರ್ ಮಿತ್ರ ಅವರೊಡನೆ ಸಾಮಾನ್ಯೀಕೃತ ವಿಲೋಮಗಳ ಮೇಲೆ ಒಂದು ಗ್ರಂಥವನ್ನೇ ಹೊರತಂದರು. ಈ ವಿಲೋಮವು ದತ್ತಾಂಶದಲ್ಲಿಲ್ಲದ ಸಂಗತಿಯನ್ನು ಸೃಷ್ಟಿಸುವುದಿಲ್ಲ. ಅದು ಅಸಂಖ್ಯ ಪರಿಹಾರಗಳಲ್ಲಿ ಯಾವುದೋ ಒಂದನ್ನು ಎತ್ತಿಕೊಡುತ್ತದೆ. ಬೇರೊಂದು ಸಾಮಾನ್ಯೀಕೃತ ವಿಲೋಮವನ್ನು ಬಳಸಿದರೆ ಬೇರೊಂದು ಪರಿಹಾರ ಬರಬಹುದು. ಯಾವುದನ್ನು ಬಳಸಿದರೂ ಬದಲಾಗದೆ ಉಳಿಯುವುದು ನಮ್ಮ −0.22ರಂತಹ, ದತ್ತಾಂಶವು ನಿಜವಾಗಿ ಬಲ್ಲ ಬೆಲೆಗಳು ಮಾತ್ರ.

ಶಾಲೆಯ ಗಣಕಯಂತ್ರದಲ್ಲಿ ಈ ಲೆಕ್ಕಗಳನ್ನು ಮಾಡುವವರು ಎಕ್ಸೆಲ್‌ನ `LINEST` ಅನ್ನು ಬಳಸುವುದುಂಟು. ಸಹರೇಖೀಯವಾದ ಕಂಬಸಾಲುಗಳು ಎದುರಾದಾಗ ಅದು ಸದ್ದಿಲ್ಲದೆ ಒಂದನ್ನು ತೆಗೆದುಹಾಕಿ, ಅದರ ಸಹಗುಣಕದ ಜಾಗದಲ್ಲಿ 0 ಎಂದು ಬರೆಯುತ್ತದೆ. ಅದರ ಪ್ರಮಾಣಿತ ದೋಷವೂ 0 ಎಂದೇ ಬರುತ್ತದೆ. ಆರ್ ಎಂಬ ತಂತ್ರಾಂಶದ `lm` ಅದೇ ಜಾಗದಲ್ಲಿ `NA` ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಸೊನ್ನೆಯನ್ನು ಕಂಡವರು ಕೃಷ್ಣಗಿರಿಯ ಪ್ರಭಾವವೇ ಇಲ್ಲವೆಂದು ಓದುವ ಅಪಾಯವಿದೆ. ನಿಜವಾದ ದತ್ತಾಂಶದಿಂದ ಬಂದ ಸಹಗುಣಕಕ್ಕೆ ಎಷ್ಟೋ ಕೆಲವು ದೋಷದ ಅಳತೆಯು ಅಂಟಿಕೊಂಡೇ ಇರುತ್ತದೆ. ಸಹಗುಣಕವೂ ದೋಷವೂ ಎರಡೂ ಸೊನ್ನೆಯಾಗಿದ್ದರೆ, ಆ ಕಂಬಸಾಲನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲವೆಂದು ತಿಳಿದು, ವಿನ್ಯಾಸ ಮಾತೃಕೆಯಲ್ಲಿ ಅದಕ್ಕೆ ಸಮನಾದ ಮೊತ್ತ ಎಲ್ಲಿದೆಯೆಂದು ಹುಡುಕಬೇಕು.